ಖಾದಿ ಅಂದದ್ದೆಲ್ಲ ಖಾದಿಯಲ್ಲ

ರಾಜಾಜಿನಗರದಿಂದ ವಿಜಯನಗರದವರೆಗೆ ಒಂದು ಸಂಜೆ ಸುಮ್ಮನೆ ನಡೆದುಕೊಂಡು ಬನ್ನಿ. ಬಟ್ಟೆ ಅಂಗಡಿಗಳ ಬೋರ್ಡುಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ನಡೆಯುವ ಮೇಳಗಳ ಬ್ಯಾನರುಗಳಲ್ಲಿ, ತಳ್ಳುಗಾಡಿಯ ಮೇಲೆ ನೇತುಹಾಕಿದ ರಟ್ಟಿನ ತುಂಡುಗಳಲ್ಲಿ ‘ಖಾದಿ’ ಎಂಬ ಎರಡಕ್ಷರ ಕಣ್ಣಿಗೆ ಬೀಳುತ್ತದೆ. ಖಾದಿ ಕಾಟನ್, ಖಾದಿ ಲಿನನ್, ಖಾದಿ ಲುಕ್, ಸಾಫ್ಟ್ ಖಾದಿ ಎಂದು ಅದಕ್ಕೆ ಹತ್ತಾರು ಬಾಲಗಳು. ಆಗಸ್ಟ್ 15 ಮತ್ತು ಅಕ್ಟೋಬರ್ 2 ಹತ್ತಿರ ಬಂದರೆ ಕೇಳುವುದೇ ಬೇಡ. ಶಾಲೆಯಲ್ಲಿ ಮಕ್ಕಳಿಗೆ ಖಾದಿ ಜುಬ್ಬಾ ಬೇಕು, ಮನೆಯಲ್ಲಿ ತಾತನಿಗೆ ಖಾದಿ ಅಂಗಿ ಬೇಕು. ಕೊಂಡು ತಂದದ್ದು ನಿಜವಾಗಿ ಖಾದಿಯೋ ಅಲ್ಲವೋ ಎಂದು ನೋಡುವವರು ಮಾತ್ರ ಕಡಿಮೆ.

ನಾನು ಮಾಗಡಿ ರಸ್ತೆಯ ಕಡೆಯ ಒಂದು ಬಟ್ಟೆ ಮಿಲ್ಲಿನಲ್ಲಿ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಬೆಂಗಳೂರಿನ ಪಶ್ಚಿಮ ಭಾಗ ಒಂದು ಕಾಲಕ್ಕೆ ಮಿಲ್ಲುಗಳ ಸೀಮೆ. ಬಿನ್ನಿಪೇಟೆಗೆ ಆ ಹೆಸರು ಬಂದದ್ದೇ ಬಿನ್ನಿ ಮಿಲ್ಲಿನಿಂದ. ಆಚೆಗೆ ಮಿನರ್ವ ಮಿಲ್, ಮಲ್ಲೇಶ್ವರದ ಕಡೆ ರಾಜಾ ಮಿಲ್. ಮಿಲ್ ಬಟ್ಟೆಯ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಮನೆ ನಡೆದದ್ದೇ ಅದರಿಂದ. ಆದರೆ ಮಿಲ್ ಬಟ್ಟೆಯನ್ನು ಮಿಲ್ ಬಟ್ಟೆ ಎಂದೇ ಮಾರಬೇಕು, ಖಾದಿ ಎಂದು ಹೇಳಿ ಮಾರಬಾರದು. ಎರಡಕ್ಕೂ ಇರುವ ವ್ಯತ್ಯಾಸವನ್ನು ಮನೆಯ ಮೇಜಿನ ಮೇಲೆಯೇ ಪತ್ತೆ ಹಚ್ಚಬಹುದು. ಹೇಗೆ ಎಂದು ಹೇಳುತ್ತೇನೆ.

ಎರಡು ಕೆಲಸ, ಎರಡೂ ಕೈಯಲ್ಲಿ

ಮೊದಲು ಖಾದಿ ಎಂದರೇನು ಎಂದು ತಿಳಿಯೋಣ. ಇದು ಅವರವರ ಅಭಿಪ್ರಾಯದ ವಿಷಯವಲ್ಲ, ಕಾನೂನಿನಲ್ಲಿ ಬರೆದಿಟ್ಟ ಮಾತು. 1956ರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕಾಯಿದೆಯ ಪ್ರಕಾರ, ಭಾರತದಲ್ಲಿ ಕೈಯಿಂದ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲನ್ನು, ಇಲ್ಲವೇ ಇವುಗಳ ಮಿಶ್ರಣವನ್ನು, ಭಾರತದಲ್ಲಿಯೇ ಕೈಮಗ್ಗದ ಮೇಲೆ ನೇಯ್ದರೆ ಅದು ಖಾದಿ.

ಇಲ್ಲಿ ಎರಡು ಕೆಲಸಗಳಿವೆ. ಒಂದು ನೂಲುವುದು, ಇನ್ನೊಂದು ನೇಯುವುದು. ಎರಡೂ ಕೈಯಲ್ಲೇ ಆಗಿರಬೇಕು. ಮಿಲ್ಲಿನಲ್ಲಿ ತಯಾರಾದ ನೂಲನ್ನು ತಂದು ನೇಕಾರರು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ. ಒಳ್ಳೆಯ ಬಟ್ಟೆಯೇ, ಆದರೆ ಖಾದಿಯಲ್ಲ. ನೂಲೂ ಯಂತ್ರದ್ದು, ನೇಯ್ಗೆಯೂ ಯಂತ್ರದ್ದು ಆದರೆ ಅದು ಮಿಲ್ ಅಥವಾ ಪವರ್‌ಲೂಮ್ ಬಟ್ಟೆ. ಹಾಗಾಗಿ ಯಾವ ಬಟ್ಟೆ ಕೈಗೆ ಬಂದರೂ ನಾವು ಕೇಳಬೇಕಾದ ಪ್ರಶ್ನೆ ಒಂದಲ್ಲ, ಎರಡು. ಇದನ್ನು ನೂತದ್ದು ಹೇಗೆ? ನೇಯ್ದದ್ದು ಹೇಗೆ?

ಹೆಸರಿನ ಈ ಜಗಳ ಹೊಸದೇನೂ ಅಲ್ಲ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಖಾದಿಗೆ ಬೇಡಿಕೆ ಬಂದಾಗ ಕೆಲವು ಮಿಲ್ಲುಗಳು ದಪ್ಪ ನೂಲಿನ ಒರಟು ಬಟ್ಟೆ ಮಾಡಿ ಅದನ್ನೇ ಖಾದಿ ಎಂದು ಮಾರತೊಡಗಿದವು. 1925ರಲ್ಲಿ ಗಾಂಧೀಜಿ ಕಟ್ಟಿದ ಅಖಿಲ ಭಾರತ ಚರಕ ಸಂಘ ನಂಬಿಕೆಯ ಖಾದಿ ಅಂಗಡಿಗಳಿಗೆ ಪ್ರಮಾಣಪತ್ರ ಕೊಡುವ ಪದ್ಧತಿ ಇಟ್ಟುಕೊಂಡಿತ್ತು. ಖದ್ದರ್ ಎಂಬ ಹೆಸರನ್ನು ಕಾಪಾಡಲೆಂದೇ 1934ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲೇ, ಒಂದು ಕಾಯಿದೆ ಬಂತು. ಇಂದು ನಮ್ಮ ಬೀದಿಯಲ್ಲಿ ಕಾಣುವುದು ಅದೇ ಹಳೆಯ ಆಟದ ಹೊಸ ಅಂಕ.

ಮೇಜಿನ ಮೇಲೆ ಮೂರು ತುಂಡು

ಹೋದ ವರ್ಷ ನಮ್ಮ ಎದುರು ಮನೆಯ ಅಜ್ಜಿ ಒಂದು ಮೇಳದಲ್ಲಿ ಐದು ಅಂಗಿಗಳಿಗೆ ಆಗುವಷ್ಟು ಬಟ್ಟೆ ಕೊಂಡರು. ಮೊಮ್ಮಕ್ಕಳಿಗೆ ಮತ್ತು ಅಳಿಯನಿಗೆ ಗಾಂಧಿ ಜಯಂತಿಗೆ ಖಾದಿ ಹೊಲಿಸಿಕೊಡಬೇಕೆಂದು ಅವರ ಆಸೆ. ತಿಂಗಳುಗಟ್ಟಲೆ ಪಿಂಚಣಿಯಲ್ಲಿ ಉಳಿಸಿದ ದುಡ್ಡು. ಬಟ್ಟೆಗೆ ಕತ್ತರಿ ಹಾಕುವ ಮೊದಲು ನನಗೆ ತೋರಿಸಲು ಬಂದರು. ಜೊತೆಗೆ ಏಳನೆಯ ತರಗತಿಯ ಮೊಮ್ಮಗಳು.

“ಕೈಗೆ ಒರಟಾಗಿದೆ, ಗಂಟು ಗಂಟಾಗಿದೆ. ಖಾದಿಯೇ ಇರಬೇಕು ಅಲ್ವಾ?” ಎಂದರು ಅಜ್ಜಿ.

“ನೋಡೋಣ ಇರಿ ಅಮ್ಮ, ಪಕ್ಕದಲ್ಲಿ ಇನ್ನೆರಡು ಇಟ್ಟು ನೋಡೋಣ” ಎಂದೆ.

ಮೇಜಿನ ಮೇಲೆ ಮೂರು ತುಂಡು ಇಟ್ಟೆವು. ಮೊದಲನೆಯದು ಪ್ರಮಾಣಪತ್ರ ಇರುವ ಖಾದಿ ಭಂಡಾರದಿಂದ ನಾನು ತಂದಿದ್ದ ಬಿಳಿ ಅಂಗಿ ಬಟ್ಟೆ. ಎರಡನೆಯದು ಅಜ್ಜಿ ಮೇಳದಲ್ಲಿ ಕೊಂಡದ್ದು. ಮೂರನೆಯದು ಕೈಮಗ್ಗ ಸಹಕಾರ ಸಂಘದ ಅಂಗಡಿಯಿಂದ ತಂದ ಬಟ್ಟೆ. ಬೇಕಾದ ಸಾಮಾನು ಇಷ್ಟೇ: ಒಂದು ಭೂತಗನ್ನಡಿ, ಸ್ಕೇಲು, ಒಂದು ಗುಂಡುಸೂಜಿ, ಪೋಸ್ಟ್ ಕಾರ್ಡಿನಷ್ಟು ಗಟ್ಟಿ ಕಾಗದ ಮತ್ತು ಕಿಟಕಿಯ ಬೆಳಕು.

ಮೊದಲು ಚೀಟಿ

ಬಟ್ಟೆ ಮುಟ್ಟುವ ಮೊದಲು ಅದರ ಚೀಟಿ ಓದಬೇಕು. 2013ರಲ್ಲಿ ಖಾದಿ ಮಾರ್ಕ್ ನಿಯಮಗಳು ಬಂದವು. ಅವುಗಳ ಪ್ರಕಾರ ಖಾದಿ ಎಂದು ಹೇಳಿ ಬಟ್ಟೆ ಮಾರುವವರು ಆಯೋಗದ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಬಟ್ಟೆಯ ಮೇಲೆ ಖಾದಿ ಮಾರ್ಕಿನ ಚೀಟಿ ಅಥವಾ ಲೇಬಲ್ ಇರಬೇಕು. ಆ ಗುರುತಿನಲ್ಲಿ ಚರಕದ ಚಿತ್ರ, ‘ಖಾದಿ ಇಂಡಿಯಾ’ ಎಂಬ ಹೆಸರು ಕಾಣುತ್ತದೆ.

ನನ್ನ ತುಂಡಿನಲ್ಲಿ ಆ ಚೀಟಿ ಇತ್ತು. ಅಂಗಡಿಯ ಬಿಲ್ಲಿನಲ್ಲಿ ಸಂಸ್ಥೆಯ ಹೆಸರೂ, ‘ಹತ್ತಿ ಖಾದಿ’ ಎಂಬ ವಿವರವೂ ಇತ್ತು. ಅಜ್ಜಿಯ ಬಟ್ಟೆಗೆ ಒಂದು ಚಂದದ ಕಂದು ಬಣ್ಣದ ರಟ್ಟು ಕಟ್ಟಿದ್ದರು. ಅದರ ಮೇಲೆ ಚರಕದ ಚಿತ್ರವೂ ಇತ್ತು, ‘ಖಾದಿ ಕಾಟನ್’ ಎಂಬ ಬರಹವೂ ಇತ್ತು. ಆದರೆ ಖಾದಿ ಮಾರ್ಕ್ ಇರಲಿಲ್ಲ. ತಯಾರಿಸಿದ ಸಂಸ್ಥೆಯ ಹೆಸರೂ ಇರಲಿಲ್ಲ. ಬಿಲ್ಲಿನಲ್ಲಿ ಬರೀ ‘ಶರ್ಟಿಂಗ್’ ಎಂದು ಬರೆದು ಮೊತ್ತ ಹಾಕಿದ್ದರು.

“ಚರಕ ಇದೆಯಲ್ಲ ತಾತ!” ಎಂದಳು ಹುಡುಗಿ. ಚರಕದ ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದು. ಪರೀಕ್ಷೆಯಲ್ಲಿ ನೂರಕ್ಕೆ ನೂರು ಎಂದು ನೀನೇ ಬರೆದುಕೊಂಡರೆ ಆಗುತ್ತದೆಯೇ, ಟೀಚರ್ ಸಹಿ ಬೇಕಲ್ಲ, ಎಂದೆ. ಅವಳಿಗೆ ಥಟ್ಟನೆ ಅರ್ಥವಾಯಿತು.

ಮೂರನೆಯ ತುಂಡಿನಲ್ಲಿ ಬೇರೆ ಗುರುತು ಇತ್ತು, ಹ್ಯಾಂಡ್‌ಲೂಮ್ ಮಾರ್ಕ್. ಇದು 2006ರಿಂದ ಇರುವ ಗುರುತು. ಬಟ್ಟೆಯನ್ನು ಕೈಮಗ್ಗದಲ್ಲಿ ನೇಯ್ದಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ನೂಲನ್ನು ಕೈಯಲ್ಲಿ ನೂತಿದ್ದಾರೆ ಎಂದು ಅದು ಹೇಳುವುದಿಲ್ಲ. ಅನೇಕರು ಈ ಎರಡು ಗುರುತುಗಳನ್ನು ಒಂದೇ ಎಂದುಕೊಳ್ಳುತ್ತಾರೆ. ನಮ್ಮ ಎರಡು ಪ್ರಶ್ನೆಗಳನ್ನು ನೆನಪಿಟ್ಟುಕೊಂಡರೆ ಗೊಂದಲವಿಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ, ಖಾದಿ ಮಾರ್ಕ್ ಎರಡಕ್ಕೂ ಉತ್ತರ.

ಖಾದಿ ಭಂಡಾರದಲ್ಲಿಯೂ ಒಂದು ವಿಷಯ ಗಮನಿಸಿ. ಅಲ್ಲಿ ‘ಪಾಲಿವಸ್ತ್ರ’ ಎಂಬ ಬಟ್ಟೆಯೂ ಸಿಗುತ್ತದೆ. ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಅದನ್ನು ಮುಚ್ಚುಮರೆಯಿಲ್ಲದೆ ಆ ಹೆಸರಿನಿಂದಲೇ ಮಾರುತ್ತಾರೆ. ಸೆಕೆಗೆ ಅಪ್ಪಟ ಹತ್ತಿಯೇ ಬೇಕು ಎನ್ನುವವರು ಬಿಲ್ಲಿನಲ್ಲಿ ಏನು ಬರೆದಿದೆ ಎಂದು ಓದಿಕೊಳ್ಳಬೇಕು.

ನೇಯ್ಗೆ ಹೇಳುವ ಸಾಕ್ಷಿ

ಚೀಟಿ ಆಯಿತು, ಇನ್ನು ಬಟ್ಟೆಯನ್ನೇ ಮಾತಾಡಿಸೋಣ. ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಸುಲಭ. ನೇಯ್ದದ್ದು ಕೈಯೋ ಯಂತ್ರವೋ?

ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎಂದೂ, ಅಡ್ಡಕ್ಕೆ ಲಾಳಿಯೊಂದಿಗೆ ಓಡಾಡುವ ಎಳೆಗೆ ಹೊಕ್ಕು ಎಂದೂ ಹೆಸರು. ‘ಹಾಸುಹೊಕ್ಕು’ ಎಂಬ ಮಾತು ನಮಗೆ ಬಂದದ್ದು ಮಗ್ಗದಿಂದಲೇ. ಪ್ರತಿ ಹೊಕ್ಕಿನೆಳೆ ಹಾಕಿದ ಮೇಲೆ ನೇಕಾರರು ಹಲಗೆಯನ್ನು ಎಳೆದು ಅದನ್ನು ಬಡಿದು ಕೂರಿಸುತ್ತಾರೆ. ಆ ಬಡಿತ ಒಂದು ಸಲ ಸ್ವಲ್ಪ ಜೋರು, ಒಂದು ಸಲ ಸ್ವಲ್ಪ ಮೆಲ್ಲಗೆ. ಬೆಳಗ್ಗೆ ಒಂದು ಥರ, ಮಧ್ಯಾಹ್ನ ದಣಿದ ಮೇಲೆ ಇನ್ನೊಂದು ಥರ. ಪವರ್‌ಲೂಮಿನಲ್ಲಿ ಹಲ್ಲುಚಕ್ರ ಪ್ರತಿಸಲ ಬಟ್ಟೆಯನ್ನು ಅಷ್ಟೇ ಅಷ್ಟು ಮುಂದಕ್ಕೆ ಎಳೆಯುತ್ತದೆ, ದಣಿವು ಎಂಬುದಿಲ್ಲ.

ಇದನ್ನು ಎಣಿಸಿ ನೋಡಬಹುದು. ಗಟ್ಟಿ ಕಾಗದದಲ್ಲಿ ಒಂದು ಅಂಗುಲ ಉದ್ದ, ಒಂದು ಅಂಗುಲ ಅಗಲದ ಕಿಂಡಿ ಕತ್ತರಿಸಿ. ಅದನ್ನು ಬಟ್ಟೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು, ಗುಂಡುಸೂಜಿಯ ತುದಿಯಿಂದ ಒಂದೊಂದೇ ಎಳೆ ಎಣಿಸಿ. ಒಂದು ಕಡೆ ಎಣಿಸಿದರೆ ಸಾಲದು, ಒಂದೊಂದು ಗೇಣು ದೂರದಲ್ಲಿ ಮೂರು ಕಡೆ ಎಣಿಸಬೇಕು.

ಹುಡುಗಿಯ ಕಣ್ಣು ಚುರುಕು, ಅವಳೇ ಎಣಿಸಿದಳು. ನನ್ನ ಖಾದಿಯಲ್ಲಿ ಹೊಕ್ಕಿನ ಎಳೆಗಳು ಒಂದು ಕಡೆ 45, ಇನ್ನೊಂದು ಕಡೆ 41, ಮತ್ತೊಂದು ಕಡೆ 47. ಕೈಮಗ್ಗದ ಬಟ್ಟೆಯಲ್ಲೂ ಹೀಗೆಯೇ ಎರಡು ಮೂರು ಎಳೆಗಳ ಏರುಪೇರು. ಅಜ್ಜಿಯ ಬಟ್ಟೆಯಲ್ಲಿ 52, 52, 52. ಅವಳು ನಂಬದೆ ನಾಲ್ಕನೆಯ ಕಡೆಯೂ ಎಣಿಸಿದಳು. ಮತ್ತೆ 52!

ಹಾಸಿನ ಎಳೆಗಳನ್ನು ಎಣಿಸಿ ಮೋಸ ಹೋಗಬೇಡಿ. ಅವು ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ಸಾಗುವುದರಿಂದ ಕೈಮಗ್ಗದಲ್ಲೂ ಹೆಚ್ಚುಕಮ್ಮಿ ಸಮನಾಗಿಯೇ ಇರುತ್ತವೆ. ಕೈಯ ಗುರುತು ಉಳಿಯುವುದು ಹೊಕ್ಕಿನಲ್ಲಿ.

ಇನ್ನೊಂದು ಸಾಕ್ಷಿ ಅಂಚಿನಲ್ಲಿದೆ. ನೇಯುವಾಗ ಬಟ್ಟೆ ಒಳಕ್ಕೆ ಸೆಳೆದುಕೊಳ್ಳದಂತೆ ನೇಕಾರರು ಎರಡು ತುದಿಗೂ ಮೊಳೆಯಿರುವ ಒಂದು ಕಡ್ಡಿಯನ್ನು ಅಗಲಕ್ಕೆ ಸಿಕ್ಕಿಸುತ್ತಾರೆ. ಸ್ವಲ್ಪ ನೇಯ್ದ ಮೇಲೆ ಅದನ್ನು ಕಿತ್ತು ಮುಂದಕ್ಕೆ ಸಿಕ್ಕಿಸುತ್ತಾರೆ. ಹಾಗಾಗಿ ಎರಡೂ ಅಂಚಿನಲ್ಲಿ ಅಷ್ಟಷ್ಟು ದೂರಕ್ಕೆ ಒಂದು ಗುಂಪು ಸಣ್ಣ ತೂತುಗಳು ಕಾಣುತ್ತವೆ. ಪವರ್‌ಲೂಮಿನಲ್ಲಿ ಈ ಕೆಲಸವನ್ನು ಮುಳ್ಳಿನ ಉರುಳೆ ಮಾಡುತ್ತದೆ. ಅದರ ತೂತುಗಳು ಬಿದ್ದಿದ್ದರೆ ಅಂಚಿನುದ್ದಕ್ಕೂ ಬಿಡದೆ ಸಾಲುಗಟ್ಟಿರುತ್ತವೆ. ಒಗೆದ ಮೇಲೆ ಈ ತೂತುಗಳು ಮುಚ್ಚಿಹೋಗುವುದರಿಂದ ಹೊಸ ಬಟ್ಟೆಯಲ್ಲೇ ನೋಡಬೇಕು.

ಇಷ್ಟರಲ್ಲೇ ಅಜ್ಜಿಯ ಬಟ್ಟೆ ಒಂದು ಪ್ರಶ್ನೆಯಲ್ಲಿ ಸೋತಿತ್ತು. ಅದು ಯಂತ್ರದ ನೇಯ್ಗೆ.

ನೂಲು ಹೇಳುವ ಸಾಕ್ಷಿ

ಈಗ ಕಷ್ಟದ ಪ್ರಶ್ನೆ. ನೂಲು ಕೈಯದೋ ಯಂತ್ರದ್ದೋ?

ಹಿಂದೆ ಶಾಲೆಯಲ್ಲಿ ತಕಲಿ ತಿರುಗಿಸಿದ ಅಜ್ಜ ಅಜ್ಜಿಯರಿಗೆ ಇದು ಗೊತ್ತು. ಎಡಗೈಯಲ್ಲಿ ಹಂಜಿ ಹಿಡಿದು ಎಳೆಯುವಾಗ ಬೆರಳು ಚೂರು ಸಡಿಲವಾದರೆ ನೂಲು ದಪ್ಪ, ಚೂರು ಬಿಗಿಯಾದರೆ ಸಣ್ಣ. ಒಂದು ಮೊಳದ ನೂಲಿನಲ್ಲೇ ಹತ್ತು ಸಲ ಹೀಗೆ ದಪ್ಪ ಸಣ್ಣ ಆಗುತ್ತದೆ. ಹುರಿಯೂ ಹಾಗೆಯೇ. ಸಣ್ಣಗಿರುವ ಕಡೆ ಹುರಿ ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ದಪ್ಪಗಿರುವ ಕಡೆ ಸಡಿಲವಾಗಿ ಉಬ್ಬಿಕೊಂಡಿರುತ್ತದೆ.

ಆದರೆ ಈಗಿನ ಖಾದಿ ನೂಲು ತಕಲಿಯ ನೂಲಲ್ಲ. ಹೆಚ್ಚಾಗಿ ಅದು ಅಂಬರ ಚರಕದ ಮಾದರಿಯ, ಹಲವು ಕದಿರುಗಳ ಚರಕದ ನೂಲು. ಎಂಟು ಕದಿರುಗಳ ಚರಕವೂ ಇದೆ. ತಿರುಗಿಸುವುದು ಕೈಯೇ, ಆದರೆ ಹತ್ತಿಯನ್ನು ಎಳೆದು ಸಣ್ಣಗಾಗಿಸುವುದು ಅದರಲ್ಲಿರುವ ಉರುಳೆಗಳು. ಆ ಚರಕಕ್ಕೆ ಬೇಕಾದಂತೆ ಹತ್ತಿಯನ್ನು ಹದಮಾಡಿ ಕೊಡಲು ಖಾದಿ ಆಯೋಗದ ಘಟಕಗಳಿವೆ. ಅವುಗಳಲ್ಲಿ ಒಂದು ನಮ್ಮ ಚಿತ್ರದುರ್ಗದಲ್ಲಿದೆ. ಹೀಗಾಗಿ ಇಂದಿನ ಖಾದಿ ನಮ್ಮ ತಾತಂದಿರ ಕಾಲದ ಖಾದಿಯಷ್ಟು ಒರಟಲ್ಲ. ‘ಒರಟಾಗಿದ್ದರೆ ಖಾದಿ, ನಯವಾಗಿದ್ದರೆ ಅಲ್ಲ’ ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಸಣ್ಣ ನೂಲಿನ ಒಳ್ಳೆಯ ಖಾದಿ ಪಂಚೆ ಕೈಗೆ ಹೂವಿನಂತಿರುತ್ತದೆ.

ಇನ್ನೊಂದು ಕಡೆ, ಮಿಲ್ಲುಗಳು ಬೇಕೆಂದೇ ಗಂಟುಗಂಟಾದ ನೂಲು ತಯಾರಿಸುತ್ತವೆ. ನೂಲುವ ಯಂತ್ರದ ಉರುಳೆಯ ವೇಗವನ್ನು ಅಲ್ಲಲ್ಲಿ ಬದಲಿಸಿದರೆ ನೂಲಿನಲ್ಲಿ ದಪ್ಪ ಉಬ್ಬುಗಳು ಬರುತ್ತವೆ. ಇದಕ್ಕೆ ಸ್ಲಬ್ ನೂಲು ಎನ್ನುತ್ತಾರೆ. ‘ಖಾದಿ ಲುಕ್’ ಬರುವುದು ಇದರಿಂದಲೇ. ಅಜ್ಜಿಯ ಕೈಗೆ ಸಿಕ್ಕಿದ ‘ಗಂಟು ಗಂಟು’ ಇದೇ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಬಟ್ಟೆಯನ್ನು ಒಂದೇ ಪದರವಾಗಿ ಕಿಟಕಿಗೆ ಅಡ್ಡ ಹಿಡಿಯಿರಿ. ಗಂಟುಗಳನ್ನು ನೋಡಬೇಡಿ, ಗಂಟು ಮತ್ತು ಗಂಟಿನ ನಡುವಿನ ನೂಲನ್ನು ನೋಡಿ. ಗುಟ್ಟು ಅಲ್ಲಿದೆ. ಸ್ಲಬ್ ನೂಲಿನಲ್ಲಿ ಉಬ್ಬು ಮುಗಿದ ಮೇಲೆ ಮುಂದಿನ ಉಬ್ಬಿನವರೆಗೆ ಎಳೆ ಸ್ಕೇಲಿಟ್ಟು ಗೆರೆ ಎಳೆದಂತೆ ಸಮ. ಕೈನೂಲಿನಲ್ಲಿ ಎಲ್ಲೂ ಹಾಗೆ ಸಮ ಇರುವುದಿಲ್ಲ. ದಪ್ಪದಿಂದ ಸಣ್ಣಕ್ಕೆ, ಸಣ್ಣದಿಂದ ದಪ್ಪಕ್ಕೆ ಮೆಲ್ಲಮೆಲ್ಲಗೆ ಹೋಗುತ್ತ ಬರುತ್ತ ಇರುತ್ತದೆ, ಮಕ್ಕಳು ಕೈಯಿಂದ ಬರೆದ ಗೆರೆಯಂತೆ.

ಆಮೇಲೆ ಬಟ್ಟೆಯನ್ನು ತಿರುಗಿಸಿ ಹಾಸನ್ನೂ ನೋಡಿ. ಖಾದಿಯಲ್ಲಿ ಹಾಸು ಹೊಕ್ಕು ಎರಡೂ ಕೈನೂಲು, ಆದ್ದರಿಂದ ಏರುಪೇರು ಎರಡೂ ಕಡೆ ಇರುತ್ತದೆ. ‘ಖಾದಿ ಲುಕ್’ ಬಟ್ಟೆಯಲ್ಲಿ ಖರ್ಚು ಉಳಿಸಲು ಅನೇಕ ಸಲ ಹೊಕ್ಕಿಗೆ ಮಾತ್ರ ಸ್ಲಬ್ ನೂಲು ಹಾಕಿ ಹಾಸಿಗೆ ಮಾಮೂಲಿ ಮಿಲ್ ನೂಲು ಬಿಡುತ್ತಾರೆ.

ಅಜ್ಜಿಯ ಬಟ್ಟೆ ಹಾಗೆಯೇ ಇತ್ತು. ಅಡ್ಡಕ್ಕೆ ಗಂಟು, ಉದ್ದಕ್ಕೆ ಗ್ರಾಫ್ ಹಾಳೆಯ ಗೆರೆ. ನನ್ನ ಖಾದಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ತೆಳು ನೆರಳು, ದಟ್ಟ ನೆರಳು ಬೆರೆತಿದ್ದವು. ಮೂರನೆಯ ತುಂಡಿನಲ್ಲಿ ಎಳೆಗಳು ನಯವಾಗಿ ಸಮವಾಗಿದ್ದವು. ನೇಯ್ಗೆಯಲ್ಲಿ ಕೈ, ನೂಲಿನಲ್ಲಿ ಮಿಲ್. ಅದರ ಹ್ಯಾಂಡ್‌ಲೂಮ್ ಮಾರ್ಕ್ ಹೇಳಿದ್ದೂ ಅಷ್ಟನ್ನೇ, ಸುಳ್ಳು ಹೇಳಿರಲಿಲ್ಲ.

ಬೆರಳಿಗೆ ಏನು ಗೊತ್ತಾಗುತ್ತದೆ?

ಮಿಲ್ಲಿನಲ್ಲಿ ಬಟ್ಟೆ ಮಗ್ಗದಿಂದ ಇಳಿದ ಮೇಲೆ ಅದಕ್ಕೆ ಹಲವು ಸಂಸ್ಕಾರಗಳಿವೆ. ಗ್ಯಾಸಿನ ಉರಿಯ ಮೇಲೆ ವೇಗವಾಗಿ ಹಾಯಿಸಿ ಮೇಲಿನ ಸಣ್ಣ ಜುಂಗನ್ನು ಸುಡುತ್ತಾರೆ. ಕಾದ ಉರುಳೆಗಳ ನಡುವೆ ಒತ್ತಿ ನುಣುಪು ಮಾಡುತ್ತಾರೆ. ಒಗೆದಾಗ ಹೆಚ್ಚು ಕುಗ್ಗದಂತೆ ಮೊದಲೇ ಕುಗ್ಗಿಸುತ್ತಾರೆ. ಖಾದಿಗೆ ಸಾಮಾನ್ಯವಾಗಿ ಇಷ್ಟೆಲ್ಲ ಇರುವುದಿಲ್ಲ. ಹಾಗಾಗಿ ಖಾದಿಯನ್ನು ಬೆಳಕಿಗೆ ಅಡ್ಡವಾಗಿ ಮಡಿಸಿ ಹಿಡಿದರೆ ಮಡಿಕೆಯ ಮೇಲೆ ಸಣ್ಣ ಕೂದಲಿನಂಥ ಜುಂಗು ಕಾಣುತ್ತದೆ. ಕೆನ್ನೆಗೆ ಒತ್ತಿಕೊಂಡರೆ ಆ ಜುಂಗು ಮೆತ್ತಗೆ ತಗಲುತ್ತದೆ.

ಬೆರಳಿಗೂ ಮಿತಿಯಿದೆ. ಹೊಸ ಬಟ್ಟೆಯಲ್ಲಿ ಗಂಜಿ ಇದ್ದರೆ ಖಾದಿಯೂ ಸರಭರ ಎನ್ನುತ್ತದೆ, ಮಿಲ್ ಬಟ್ಟೆಯೂ ಸರಭರ ಎನ್ನುತ್ತದೆ. ಒಂದು ಮೂಲೆಯನ್ನು ನೀರಿನಲ್ಲಿ ನೆನೆಸಿ, ಉಜ್ಜಿ, ಒಣಗಿಸಿ ಆಮೇಲೆ ಮುಟ್ಟಿದರೆ ನಿಜವಾದ ಮೈ ಗೊತ್ತಾಗುತ್ತದೆ. ಮುಷ್ಟಿಯಲ್ಲಿ ಹಿಸುಕಿ ಹತ್ತು ಎಣಿಸಿ ಬಿಡುವ ಪರೀಕ್ಷೆಯೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಬೇಗ ಬಿಡಿಸಿಕೊಳ್ಳುತ್ತದೆ, ಹತ್ತಿ ಸುಕ್ಕುಗಟ್ಟುತ್ತದೆ. ಆದರೆ ಮಿಲ್ ಹತ್ತಿಯೂ ಸುಕ್ಕುಗಟ್ಟುತ್ತದೆಯಲ್ಲ!

ಬೆಂಕಿಯ ಪರೀಕ್ಷೆಯೂ ಹೀಗೆಯೇ. ಅನೇಕರು ಇದನ್ನೇ ಖಾದಿಯ ದೊಡ್ಡ ಪರೀಕ್ಷೆ ಎಂದು ತಿಳಿದಿದ್ದಾರೆ. ಬಟ್ಟೆಯ ಅಂಚಿನಿಂದ ಒಂದು ಹಾಸಿನೆಳೆ, ಒಂದು ಹೊಕ್ಕಿನೆಳೆ ಬಿಡಿಸಿ, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಮೇಣದಬತ್ತಿಗೆ ತಾಗಿಸಬೇಕು. ಮಕ್ಕಳು ಇದನ್ನು ಒಬ್ಬರೇ ಮಾಡಬಾರದು, ದೊಡ್ಡವರು ಮಾಡಲಿ, ಪಕ್ಕದಲ್ಲಿ ನೀರಿರಲಿ. ಹತ್ತಿ ಕಾಗದ ಸುಟ್ಟ ವಾಸನೆಯೊಂದಿಗೆ ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಬೆಂಕಿಯಿಂದ ಮುದುರಿಕೊಂಡು ಕರಗಿ, ತಣ್ಣಗಾದ ಮೇಲೆ ಗಟ್ಟಿ ಕಪ್ಪು ಮಣಿಯಾಗುತ್ತದೆ. ಅಜ್ಜಿಯ ಬಟ್ಟೆಯ ಹಾಸು ಬೂದಿಯಾಯಿತು, ಗಂಟಿನ ಹೊಕ್ಕು ಮಾತ್ರ ಕೊನೆಯಲ್ಲಿ ಕಪ್ಪಗೆ ಗಟ್ಟಿಯಾಗಿ ಉಳಿಯಿತು. ಅದರಲ್ಲಿ ಪಾಲಿಯೆಸ್ಟರ್ ಬೆರೆತಿತ್ತು. ಆದರೆ ನೆನಪಿಡಿ, ಬೆಂಕಿ ಹೇಳುವುದು ಹತ್ತಿಯೋ ಅಲ್ಲವೋ ಎಂದು ಮಾತ್ರ. ನೂತದ್ದು ಯಾರು ಎಂದು ಬೆಂಕಿಗೆ ಗೊತ್ತಿಲ್ಲ. ಶುದ್ಧ ಹತ್ತಿಯ ಮಿಲ್ ಬಟ್ಟೆಯೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಅಜ್ಜಿ ಒಂದು ಕ್ಷಣ ಸುಮ್ಮನಿದ್ದರು. “ದುಡ್ಡು ಹೋದರೆ ಹೋಗಲಿ, ಮಕ್ಕಳಿಗೆ ಖಾದಿ ಅಂತ ಸುಳ್ಳು ಹೇಳಿ ತೊಡಿಸೋದು ಬೇಡ” ಎಂದರು. ಮೇಳ ಇನ್ನೂ ಎರಡು ದಿನ ಇತ್ತು. ಬಟ್ಟೆ ಕತ್ತರಿಸಿರಲಿಲ್ಲ, ಬಿಲ್ಲು ಇತ್ತು, ‘ಖಾದಿ ಕಾಟನ್’ ಎಂಬ ರಟ್ಟೂ ಇತ್ತು. ಮೊಮ್ಮಗಳು ಕಾಗದದ ಕಿಂಡಿಯನ್ನೂ ಭೂತಗನ್ನಡಿಯನ್ನೂ ಹಿಡಿದು ಅಜ್ಜಿಯ ಜೊತೆ ಹೋದಳು. ಮಾರುವವರು ಮೊದಲು ಗದರಿದರಂತೆ. ಹುಡುಗಿ ಅಲ್ಲೇ ನಿಂತು ಎಳೆ ಎಣಿಸತೊಡಗಿದಾಗ, ಸುತ್ತ ನಾಲ್ಕು ಜನ ಸೇರಿದ ಮೇಲೆ, ಮೂರು ಅಂಗಿ ಬಟ್ಟೆಗಳ ದುಡ್ಡು ವಾಪಸು ಕೊಟ್ಟರಂತೆ. ಉಳಿದ ಎರಡು ಅಜ್ಜಿಯ ಮನೆಯಲ್ಲಿ ದಿಂಬಿನ ಚೀಲಗಳಾದವು.

ಬೋರ್ಡು ನೋಡಿದರೆ ಸಾಲದೆ?

ಹೆಸರುವಾಸಿ ಅಂಗಡಿಯಾದರೆ ಇಷ್ಟೆಲ್ಲ ಬೇಕೆ ಎಂದು ಕೇಳಬಹುದು. 2022ರ ಜನವರಿಯಲ್ಲಿ ಮುಂಬೈಯಲ್ಲಿ ನಡೆದದ್ದನ್ನು ಕೇಳಿ. ಅಲ್ಲಿನ ಡಿ.ಎನ್. ರಸ್ತೆಯ ‘ಖಾದಿ ಎಂಪೋರಿಯಂ’ ಬಹಳ ಹಳೆಯ ಮಳಿಗೆ. 1954ರಿಂದ ಅದನ್ನು ನಡೆಸುತ್ತಿದ್ದದ್ದು ಮುಂಬೈ ಖಾದಿ ಮತ್ತು ಗ್ರಾಮೋದ್ಯೋಗ ಸಂಘ. ಖಾದಿ ಆಯೋಗದ ಅಧಿಕಾರಿಗಳು ತಪಾಸಣೆಗೆ ಹೋಗಿ ಮಾದರಿಗಳನ್ನು ತಂದು ನೋಡಿದಾಗ ಅವು ಖಾದಿಯಲ್ಲ ಎಂದು ಕಂಡುಬಂತು ಎಂದು ಆಯೋಗ ಹೇಳಿತು. ಆ ಸಂಘದ ಖಾದಿ ಪ್ರಮಾಣಪತ್ರವನ್ನೇ ರದ್ದು ಮಾಡಿತು. ಹಳೆಯ ಹೆಸರು, ದೊಡ್ಡ ಬೋರ್ಡು ಎರಡೂ ಇದ್ದವು.

ಆದ್ದರಿಂದ ಚೀಟಿಯೂ ಬೇಕು, ಕಣ್ಣೂ ಬೇಕು. ಚೀಟಿ ಇದ್ದು ಬಟ್ಟೆ ಅನುಮಾನ ಹುಟ್ಟಿಸಿದರೆ ಅಂಗಡಿಯವರನ್ನು ಪ್ರಮಾಣಪತ್ರ ತೋರಿಸಿ ಎಂದು ಕೇಳಬಹುದು. ಬಿಲ್ಲು, ಚೀಟಿ ಮತ್ತು ಒಂದು ಸಣ್ಣ ತುಂಡು ಇಟ್ಟುಕೊಂಡು ಖಾದಿ ಆಯೋಗಕ್ಕೆ ದೂರು ಬರೆಯಬಹುದು. ನಮ್ಮ ಎಣಿಕೆ ಮನೆಯ ಮಟ್ಟದ ಪರೀಕ್ಷೆ ಅಷ್ಟೇ. ಕೊನೆಯ ತೀರ್ಪು ಪ್ರಯೋಗಶಾಲೆಯದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಿಸುತ್ತಾರಲ್ಲ, ಅಲ್ಲಿ ಬಟ್ಟೆಯ ಎಳೆ, ತೂಕ, ಬಣ್ಣ ಎಲ್ಲವೂ ಭಾರತೀಯ ಮಾನಕ ಸಂಸ್ಥೆ ಗೊತ್ತುಪಡಿಸಿದ ಅಳತೆಗೆ ಸರಿಯಾಗಿ ಇರಬೇಕು. ಮಕ್ಕಳೇ, 2021ರ ಡಿಸೆಂಬರಿನ ತಿದ್ದುಪಡಿಯ ನಂತರ ಪಾಲಿಯೆಸ್ಟರಿನ, ಯಂತ್ರದ ಬಾವುಟಗಳಿಗೂ ಅನುಮತಿ ಇದೆ. ಬಾವುಟ ಎಂದಮಾತ್ರಕ್ಕೆ ಖಾದಿ ಎಂದು ತಿಳಿಯಬೇಡಿ. ಈಗ ನೋಡುವ ಬಗೆ ನಿಮಗೆ ಗೊತ್ತಲ್ಲ!

ಒಂದು ಮೀಟರಿಗೆ ಎಷ್ಟು ನೂಲು?

ಎಣಿಸಿದ ಅಂಕಿಗಳನ್ನು ವ್ಯರ್ಥ ಮಾಡುವುದು ಬೇಡ, ಒಂದು ಲೆಕ್ಕ ಮಾಡೋಣ. ನನ್ನ ಖಾದಿ 36 ಅಂಗುಲ ಅಗಲ. ಅಂಗುಲಕ್ಕೆ ಹಾಸಿನ ಎಳೆ 50. ಅಂದರೆ ಅಗಲದಲ್ಲಿ ಒಟ್ಟು 1,800 ಎಳೆ. ಒಂದು ಮೀಟರ್ ಬಟ್ಟೆಯಲ್ಲಿ ಇವುಗಳ ಉದ್ದ 1,800 ಮೀಟರ್. ಹೊಕ್ಕು ಅಂಗುಲಕ್ಕೆ ಸುಮಾರು 45 ಎಂದಿಟ್ಟುಕೊಳ್ಳಿ. ಒಂದು ಮೀಟರಿಗೆ 39 ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, ಹಾಗಾಗಿ ಸುಮಾರು 1,770 ಎಳೆ. ಒಂದೊಂದೂ 91 ಸೆಂಟಿಮೀಟರ್. ಒಟ್ಟು ಸುಮಾರು 1,600 ಮೀಟರ್. ಎರಡೂ ಸೇರಿದರೆ 3,400 ಮೀಟರ್!

ಒಂದು ಮೀಟರ್ ಬಟ್ಟೆಗೆ ಮೂರು ಕಿಲೋಮೀಟರಿಗೂ ಹೆಚ್ಚು ನೂಲು. ಎರಡೂವರೆ ಮೀಟರಿನ ಒಂದು ಅಂಗಿಗೆ ಎಂಟೂವರೆ ಕಿಲೋಮೀಟರ್. ಅಷ್ಟನ್ನೂ ಯಾವುದೋ ಹಳ್ಳಿಯಲ್ಲಿ ಕೂತು ಒಬ್ಬರು ಚರಕ ತಿರುಗಿಸಿ ನೂತಿದ್ದಾರೆ. ಖಾದಿಯಲ್ಲಿ ನೂಲುವವರಿಗೆ ಕೂಲಿ ಸಿಗುವುದು ನೂತ ಲಡಿಗಳ ಲೆಕ್ಕದಲ್ಲಿ, ಒಂದು ಲಡಿ ಎಂದರೆ 1,000 ಮೀಟರ್. ಮೇಳದಲ್ಲಿ ಸ್ಲಬ್ ಬಟ್ಟೆಯನ್ನು ಖಾದಿ ಎಂದು ಮಾರಿದರೆ ಅಜ್ಜಿಯ ದುಡ್ಡು ಹೋಗುವುದು ಒಂದು ಕಡೆ. ಒಂದು ಅಂಗಿಗೆ ಎಂಟೂವರೆ ಲಡಿಯ ಕೂಲಿ ನೂಲುವವರ ಕೈಗೆ ಬರದೆ ಹೋಗುವುದು ಇನ್ನೊಂದು ಕಡೆ. ಬೆಲೆಯಲ್ಲಿ ಖಾದಿ ಪವರ್‌ಲೂಮ್ ಬಟ್ಟೆಗೆ ಸಮನಾಗಿದ್ದರೆ, ಅದೂ ರಿಬೇಟಿನ ಕಾಲವಲ್ಲದಿದ್ದರೆ, ಈ ಲೆಕ್ಕ ನೆನಪಿಸಿಕೊಂಡು ಇನ್ನೊಮ್ಮೆ ಚೀಟಿ ನೋಡಿ.

ಕೊಂಡ ಮೇಲೆ

ನಿಜವಾದ ಖಾದಿ ತಂದಿರಾ? ದರ್ಜಿಗೆ ಕೊಡುವ ಮೊದಲು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿ. ಮೊದಲ ಒಗೆತದಲ್ಲಿ ಖಾದಿ ಕುಗ್ಗುತ್ತದೆ. ಮೀಟರಿಗೆ 5 ಸೆಂಟಿಮೀಟರ್ ಕುಗ್ಗಿದರೂ ಎರಡೂವರೆ ಮೀಟರಿನಲ್ಲಿ ಹನ್ನೆರಡೂವರೆ ಸೆಂಟಿಮೀಟರ್ ಹೋಯಿತು, ಅಂದರೆ ಅಂಗಿಯ ತೋಳು ಗಿಡ್ಡ. ಅದಕ್ಕೆ ಒಂದು ಗೇಣು ಹೆಚ್ಚೇ ಕೊಳ್ಳಿ. ಬಣ್ಣದ ಖಾದಿಯಾದರೆ ಮೊದಲೆರಡು ಸಲ ಬೇರೆಯಾಗಿಯೇ ಒಗೆಯಿರಿ. ಖಾದಿ ಮಾರ್ಕಿನ ಚೀಟಿಯನ್ನು ಬಿಲ್ಲಿನ ಜೊತೆ ಒಂದು ಕವರಿನಲ್ಲಿ ಹಾಕಿಡಿ. ಕತ್ತರಿಸಿ ಉಳಿದ ಬಟ್ಟೆಯ ತುಂಡನ್ನು ದರ್ಜಿಯಿಂದ ಕೇಳಿ ತಂದು ಅದರೊಳಗೇ ಇಡಿ. ಮುಂದಿನ ಸಲ ಯಾರಾದರೂ ‘ಇದು ಖಾದಿ’ ಎಂದು ಏನನ್ನಾದರೂ ತೋರಿಸಿದಾಗ ಪಕ್ಕದಲ್ಲಿಟ್ಟು ನೋಡಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಇಲ್ಲ.